ಮೇಷ್ಟ್ರ ಪೋಸ್ಟು ತಿದ್ದಿದ್ದು

ಪಿರಿಯಾಪಟ್ಟಣದ ನಮ್ಮ ಫೇಸ್‌ಬುಕ್ ಪೇಜಿನಲ್ಲಿ ಹೊಗೆಸೊಪ್ಪಿನ ಹರಾಜಿನಿಂದ ಹಿಡಿದು ಕಳೆದುಹೋದ ಪರ್ಸಿನ ತನಕ ಎಲ್ಲವನ್ನೂ ನಾನೇ ತಿದ್ದಿ ಹಾಕುತ್ತೇನೆ. ಅವ್ವ ಕಾಣೆಯಾದಾಗ ಪ್ರಭುಸ್ವಾಮಿ ಮೇಷ್ಟ್ರು ಬರೆದುಕೊಟ್ಟದ್ದನ್ನು ಮಾತ್ರ ಒಂದಕ್ಷರ ಮುಟ್ಟಲಿಲ್ಲ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ಧೈರ್ಯ ಸಾಲಲಿಲ್ಲ. ಅದು ನನ್ನದೇ ತಪ್ಪು.

"ಮಾತೃಶ್ರೀ ಪ್ರೇಮಮ್ಮನವರು ವಿಸ್ಮೃತಿಪೀಡಿತರಾಗಿ, ಮನಃಕ್ಲೇಶದಿಂದ ಗೃಹವನ್ನು ತ್ಯಜಿಸಿ ಅಜ್ಞಾತ ದಿಶೆಯತ್ತ ತೆರಳಿರುತ್ತಾರೆ. ಸಹೃದಯರು ಸುಳಿವನ್ನಿತ್ತು ಉಪಕರಿಸಬೇಕಾಗಿ ವಿನಂತಿ."

ಎರಡು ದಿನ ಕಳೆದರೂ ಒಂದು ಫೋನೂ ಬರಲಿಲ್ಲ. ಬಂದದ್ದು ಬರೀ ಕಾಮೆಂಟು. "ಎಂಥಾ ಭಾಷೆ ಸಾರ್!" ಎಂದು ಹನ್ನೊಂದು ಜನ, "ಓಂ ಶಾಂತಿ" ಎಂದು ಅದಕ್ಕಿಂತ ಹೆಚ್ಚು ಜನ. ಪೊಲೀಸರಿಗೂ ಸುಳಿವು ಸಿಕ್ಕಿರಲಿಲ್ಲ. ಎಪ್ಪತ್ತೆಂಟರ ಜೀವ ಎಲ್ಲಿ ಉಂಡಿತೋ, ಎಲ್ಲಿ ಮಲಗಿತೋ.

ಮೇಷ್ಟ್ರನ್ನು ನನ್ನ ಜೆರಾಕ್ಸ್ ಅಂಗಡಿಗೆ ಕರೆಸಿದೆ.

"ಸಾರ್, ಕಳ್ಳೆಕಾಯಿ ಮಾರೋರ್ಗೂ ಅರ್ಥ ಆಗ್ಬೇಕು. ವಿಸ್ಮೃತಿ ತೆಗ್ದು ಮರೆವು ಅಂತ ಹಾಕ್ತೀನಿ. ಸೀರೆ ಯಾವ ಬಣ್ಣ?"

"ಹಸಿರು. ಎಡಗಾಲು ಎಳ್ಕೊಂಡು ನಡೀತಾರೆ."

ಅಯ್ಯೋ, ಇದನ್ನೇ ಮೊದಲು ಬರೆಯಬಾರದಿತ್ತೇ!

"ಮನಃಕ್ಲೇಶಕ್ಕೆ ಏನ್ ಹಾಕ್ಲಿ?"

"ಬೇಜಾರು ಅಂತ ಹಾಕಮ್ಮ."

"ಯಾಕ್ ಬೇಜಾರು ಸಾರ್?"

ಮೇಷ್ಟ್ರು ನೆಲ ನೋಡಿದರು. "ಊಟ ಹಾಕಿಲ್ಲ, ಊಟ ಹಾಕಿಲ್ಲ ಅಂತ ಒಂದೇ ಸಮ ಅಂತಿದ್ರು. ಆಗ್ತಾನೆ ಉಂಡಿದ್ರು. ಹೊಡೆದ್ಬುಟ್ಟೆ ಕಣಮ್ಮ. ಆಮೇಲೆ ನನ್ ದನಿ ಕೇಳಿದ್ರೇ ಮೂಲೆ ಸೇರ್ಕೊಳೋರು."

ನನಗೆ ಸಿಟ್ಟು ಬಂತು. ಅವರ ಮುಖ ನೋಡಿ ಮರುಕವೂ ಬಂತು. ಆದರೆ ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ದಾರಿತಪ್ಪಿದ ಮುದುಕಿ ಕಂಡರೆ ಯಾರಾದರೂ ಮೊದಲು ಹೇಳುವ ಮಾತೇ "ನಿಮ್ಮ ಮಗನನ್ನು ಕರೆಸುತ್ತೇವೆ" ಎಂದು. ಟೈಪ್ ಮಾಡಿ ಓದಿದೆ.

"ನಮ್ಮವ್ವ ಪ್ರೇಮಮ್ಮ ಮೂರು ದಿನದಿಂದ ಕಾಣ್ತಿಲ್ಲ. ತುಂಬಾ ಮರೆವು. ಹಸಿರು ಸೀರೆ, ಎಡಗಾಲು ಎಳೀತಾರೆ. ಕಂಡ್ರೆ ಊಟ ಕೊಟ್ಟು ಕೂರಿಸ್ಕೊಳಿ, ಈ ನಂಬರ್‌ಗೆ ಫೋನ್ ಮಾಡಿ. ಮಗ ಬತ್ತಾನೆ ಅಂತ ಮಾತ್ರ ಅನ್ಬೇಡಿ. ನಾನು ಹೊಡೆದಿದ್ದೆ, ನನ್ನ ಕಂಡ್ರೆ ಹೆದರ್ತಾರೆ."

"ಕೊನೇ ಸಾಲು ಬೇಡ ಚೈತ್ರ. ನನ್ ಹತ್ರ ಓದಿದೋರೆಲ್ಲ ನೋಡ್ತಾರೆ."

"ಆಯ್ತು ಸಾರ್, ಅಳಿಸ್ಲಾ?"

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. "ಇರ್ಲಿ, ಹಾಕ್ಬುಡು" ಎಂದರು. ಅವ್ವನ ಫೋಟೊ ಸೇರಿಸಿ ಹಾಕಿದೆ.

ಎರಡು ಗಂಟೆಯಲ್ಲಿ ಆರುನೂರು ಜನ ಶೇರ್ ಮಾಡಿದರು. ಬಾಯಿಗೆ ಬಂದಂತೆ ಬೈದವರೂ ಇದ್ದರು. ಮೇಷ್ಟ್ರು ಒಂದೊಂದನ್ನೂ ಓದಿದರು. ಆಗ ಬಸ್ಸಿನ ದಾರಿಯಲ್ಲಿರುವ ಭೇರ್ಯ ಎಂಬ ಊರಿನಿಂದ ಫೋನ್ ಬಂತು. ಗೋವಿಂದಯ್ಯ ಎಂಬ ಹೋಟೆಲಿನವರು.

"ನಮ್ ಹೋಟ್ಲಲ್ಲೇ ಅವ್ರೆ ಕಣಮ್ಮ. ನೆನ್ನೆ ಮಗನ್ನ ಕರಿಸ್ತೀವಿ ಅಂದಿದ್ಕೆ ಎದ್ದೋಗ್ಬುಟ್ರು. ಇವತ್ತು ಬಂದವ್ರೆ, ನಾವ್ ಅಂಗನ್ನಲಿಲ್ಲ. ಮುದ್ದೆ ಉಣ್ತಾವ್ರೆ. ಬಿರ್ರನೆ ಬನ್ನಿ."

ಮೇಷ್ಟ್ರು ದಡಬಡ ಎದ್ದು ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದರು. ಅಲ್ಲೇ ನಿಂತರು. ವಾಪಸ್ ಬಂದು ಕುರ್ಚಿಯಲ್ಲಿ ಕೂತರು.

"ನೀನೇ ಹೋಗ್ಬಾರಮ್ಮ" ಎಂದರು. "ನಾನ್ ಬಂದ್ರೆ ಅರ್ಧ ಊಟಕ್ಕೇ ಎದ್ಬುಡ್ತಾರೆ."