ಜಾಲಿಯ ಈಚೆ

"ಹೆಂಗಸರು ಈ ಕಲ್ಲಿನ ಜಾಲಿಯ ಹತ್ತಿರ ನಿಲ್ಲಿ. ಇಯರ್‌ಫೋನ್ ತೆಗೆದು ಮನಸ್ಸಿನಲ್ಲೇ ಪ್ರಾರ್ಥಿಸಿ" ಎಂದು ಮಗಳ ದನಿ ಹೇಳಿದ್ದೇ ತಡ, ಕುಲ್ಸುಮ್ ಇಯರ್‌ಫೋನ್ ಕಿತ್ತು ಕಣ್ಣು ಮುಚ್ಚಿದಳು.

ಕಿರವತ್ತಿ ದಾರಿಯ ದರ್ಗಾಕ್ಕೆ ಮೊದಲ ಸಲ ಬರುವವರು ಮೊಬೈಲಿನಲ್ಲಿ ಕೇಳಿಕೊಂಡು ನಡೆಯಲೆಂದು ಹುಸ್ನಾ ಆ ವಿವರಣೆಯನ್ನು ಬರೆದು ಓದಿದ್ದಳು. ಮೊದಲು ಕೇಳಿದವಳು ತಾಯಿಯೇ. ಚಪ್ಪಲಿ ಗೇಟಿನ ಹೊರಗೆ ಬಿಡಿ, ತೊಟ್ಟಿಯಲ್ಲಿ ಕೈಕಾಲು ತೊಳೆಯಿರಿ, ತಲೆಗೆ ಬಟ್ಟೆ ಇರಲಿ, ಕರವಸ್ತ್ರವಾದರೂ ಸಾಕು, ಹೊಸ್ತಿಲು ತುಳಿಯಬೇಡಿ, ಒಳಗೆ ಫೋಟೋ ಬೇಡ, ಹೊರಡುವಾಗ ಗೋರಿಗೆ ಬೆನ್ನು ಮಾಡದೆ ಹಿಂದಕ್ಕೆ ಹೆಜ್ಜೆಯಿಡಿ. ಎಲ್ಲವನ್ನೂ ಬಿಡಿಸಿ ಹೇಳಿದ್ದಳು.

"ಒಳಗೆ ಎಂತ ಆಗ್ತದೆ ಅಂತ ಇದ್ರಲ್ಲಿ ಬರೋದಿಲ್ವಾ?" ಎಂದಳು ಕುಲ್ಸುಮ್.

ಬರುತ್ತಿತ್ತು, ಇಯರ್‌ಫೋನ್ ತೆಗೆಯಿರಿ ಎಂಬ ಸಾಲಿನ ನಂತರವೇ. ಹುಸ್ನಾಳಿಗೆ ನಾಚಿಕೆಯಾಯಿತು. ದೀಪದ ಬುಡದಲ್ಲೇ ಕತ್ತಲೆ. ಪ್ರತಿ ಉರುಸಿಗೂ ಗೋರಿಗೆ ಹೊದಿಸುವ ಹಸಿರು ಚಾದರ ಹೊಲಿಯುವವಳು ಈ ತಾಯಿ. ಗಂಡಸರು ಅದನ್ನು ತಲೆಯ ಮೇಲೆ ಹೊತ್ತು ಬಾಗಿಲು ದಾಟಿದರೆ ಮುಗಿಯಿತು, ಹೆಂಗಸರು ಒಳಗೆ ಹೋಗುವಂತಿಲ್ಲ. ಗೋರಿಯ ಮೇಲೆ ಅದು ಹೇಗೆ ಕಾಣುತ್ತದೆಂದು ಒಮ್ಮೆಯೂ ನೋಡಿದವಳಲ್ಲ. ಜಾಲಿಯ ತೂತುಗಳಲ್ಲಿ ಇಣುಕಿದರೆ ಬರೀ ಕತ್ತಲು, ಲೋಬಾನದ ಹೊಗೆ.

ಆ ಸಾಲು ತೆಗೆಯುತ್ತೇನೆ ಎಂದಾಗ ಅವಳ ತಂದೆ, ದರ್ಗಾ ನೋಡಿಕೊಳ್ಳುವ ಮುಜಾವರ್ ಅಬ್ದುಲ್ ರಜಾಕ್, ಒಪ್ಪಲಿಲ್ಲ. ಹಿಂದಿನಿಂದ ನಡೆದು ಬಂದದ್ದು ಹಾಗೇ ಇರಲಿ, ಒಳಗೆ ಬಾರದವರಿಗೆ ಒಳಗಿನ ಸುದ್ದಿ ಏಕೆ ಎಂದರು.

"ಕಾಲು ಹೋಗೋದು ಬೇಡ ಅಬ್ಬಾ. ಕಿವಿನೂ ಹೋಗಬಾರದಾ?"

ಚಾದರದ ಅಂಚು ಹೇಗಿದೆ ಎಂದು ಅವಳು ಕೇಳಿದಳು. ಅವರಿಗೆ ಗೊತ್ತಿದ್ದದ್ದು ಹೊದಿಸುವುದು, ಮೇಲೆ ಹೂ ಹಾಕುವುದು, ಫಾತಿಹಾ ಓದುವುದು. ಅಂಚನ್ನು ಯಾವತ್ತು ನೋಡಿದ್ದರು? ಎದ್ದು ಗೋರಿಯ ಕೋಣೆಗೆ ಹೋದರು. ಹೊರಬಂದವರು ಮೊಬೈಲಿಗಾಗಿ ಕೈ ಚಾಚಿದರು. "ಇದನ್ನು ನಾನೇ ಹೇಳ್ತೇನೆ."

ಮುಂದಿನ ಗುರುವಾರ ಕುಲ್ಸುಮ್ ಮತ್ತೆ ಜಾಲಿಗೆ ಬಂದು ನಿಂತಳು. ಕಿವಿಯಲ್ಲಿ ಗಂಡನ ದನಿ. ಮನೆಯಲ್ಲಿ ಮಾತಿಗೆ ಬರಗಾಲವಿದ್ದ ಆ ಮನುಷ್ಯ ಇಲ್ಲಿ ನಿಧಾನವಾಗಿ ಹೇಳುತ್ತಿದ್ದರು: ಕೋಣೆ ಚೌಕ, ಮೂಲೆಗಳ ಕಮಾನು ಅದನ್ನು ಎಂಟು ಮೂಲೆ ಮಾಡಿ ಗುಮ್ಮಟವನ್ನು ಹೊರುತ್ತದೆ. ಬಾಗಿಲು ದಕ್ಷಿಣಕ್ಕೆ, ಹಾಗಾಗಿ ಬಂದವರು ಪಾದದ ಕಡೆ ನಿಲ್ಲುತ್ತಾರೆ. ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. "ಹಸಿರು ಚಾದರ ತಲೆ ಕಡೆಯಿಂದ ಹೊದಿಸ್ತೇವೆ. ಅಂಚಿನಲ್ಲಿ ಬಿಳಿ ದಾರದ ಮಲ್ಲಿಗೆ ಮೊಗ್ಗು. ನಮ್ಮ ಮನೆಯವಳು ಹೊಲಿದದ್ದು. ಪಾದದ ಹತ್ರ ಒಂದು ಮೊಗ್ಗು ಅರ್ಧಕ್ಕೇ ನಿಂತಿದೆ."

"ದಾರ ತೀರಿತ್ತು" ಎಂದು ಕುಲ್ಸುಮ್ ಜಾಲಿಗೆ ಹೇಳಿದಳು.

ಒಳಗೆ ನವಿಲುಗರಿಯ ಕಟ್ಟು ಹಿಡಿದು ಗುಡಿಸುತ್ತಿದ್ದ ರಜಾಕರ ಕೈ ಆ ಮಾತು ಕೇಳಿ ನಿಂತಿತು.