ಬಿಳಿ ಗೋಡೆಯ ಕೊನೆಯ ಬಿಟ್

ಆ ಫೋಟೋ ಬಂದಾಗ ಮೊದಲು ನಾನೂ ಮುಖ ತಿರುಗಿಸಿದೆ. ಅದಕ್ಕೆ ಈಗಲೂ ನನ್ನ ಮೇಲೇ ಅಸಹ್ಯವಿದೆ. ಮೂಗಿಗೆ ನಳಿಕೆ ಹಾಕಿಸಿಕೊಂಡ ಮುದುಕಿ, ಹಿಂದೆ ಬಿಳಿ ಗೋಡೆ, ಮಂಚದ ಪಕ್ಕ ಮುಖ ಸಪ್ಪೆ ಮಾಡಿಕೊಂಡ ಮಗ. ಮಗ ಅಂದರೆ ಆಸ್ಪತ್ರೆಯ ದಾಖಲೆ ವಿಭಾಗದ ಮೇಲ್ವಿಚಾರಕ.

ಅಲ್ಲಿಂದ ಎಚ್‌ಐವಿ ರೋಗಿಗಳ ಪಟ್ಟಿ ಹೊರಗೆ ಹೋಗಿತ್ತು. ಯಾರೋ ಹೇಸಿಗೆಯವರು ಒಬ್ಬೊಬ್ಬರಿಗೂ ಫೋನ್ ಮಾಡಿ ಬೆದರಿಸುತ್ತಿದ್ದರು. ಪಟ್ಟಿ ತೆರೆದದ್ದು ಒಬ್ಬ ನರ್ಸಿನ ಲಾಗಿನ್‌ನಲ್ಲಿ. ಆಕೆ ಅಮಾನತಾಗಿದ್ದಳು, ನಾಡಿದ್ದು ವಿಚಾರಣೆ. ತಪ್ಪಿತಸ್ಥೆ ಎಂದಾದರೆ ಮತ್ತೆಲ್ಲೂ ನರ್ಸ್ ಕೆಲಸ ಸಿಗುತ್ತಿರಲಿಲ್ಲ. ಆಸ್ಪತ್ರೆಯಿಂದ ಹೊರಹೋದ ಮೇಲ್‌ಗಳನ್ನೆಲ್ಲ ನಮ್ಮ ಫೊರೆನ್ಸಿಕ್ ಲ್ಯಾಬಿಗೆ ಕಳಿಸಿದ್ದರು.

"ಅದನ್ನ ಬಿಡಮ್ಮ. ಪಾಪ, ತಾಯಿ ಫೋಟೋ," ಎಂದರು ನಮ್ಮ ಸಾಹೇಬರು.

ಬಿಟ್ಟೇ ಬಿಡುತ್ತಿದ್ದೆ. ಆದರೆ ಅದೇ ಫೋಟೋ ಅವನ ಮೇಲ್‌ನಿಂದ ಒಂದೇ ವಿಳಾಸಕ್ಕೆ ಎರಡು ಸಲ ಹೋಗಿತ್ತು. ಅದೂ ಮೊಬೈಲಿನ ಹಗುರ ಜೆಪೆಗ್ ಆಗಿ ಅಲ್ಲ, ಭಾರದ ಪಿಎನ್‌ಜಿ ಆಗಿ. ಜೆಪೆಗ್ ಕುಗ್ಗಿಸುವಾಗ ಚಿತ್ರದ ಬಣ್ಣದ ಅಂಕಿಗಳನ್ನು ಕಲಸಿಬಿಡುತ್ತದೆ. ಪಿಎನ್‌ಜಿ ಒಂದನ್ನೂ ಕದಲಿಸುವುದಿಲ್ಲ.

ಎರಡನ್ನೂ ಒಂದರಿಂದೊಂದು ಕಳೆದು ನೋಡಿದೆ. ವ್ಯತ್ಯಾಸ ಎಲ್ಲೂ ಒಂದಕ್ಕಿಂತ ಹೆಚ್ಚಿರಲಿಲ್ಲ, ಅದೂ ಮೇಲಿನ ಭಾಗದಲ್ಲಿ ಮಾತ್ರ.

"ಒಂದರಿಂದ ಏನಾಗತ್ತೆ?" ಸಾಹೇಬರು ಗೊಣಗಿದರು.

"ಸರ್, ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಗೆ ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಒಂದೊಂದು ಅಂಕಿ ಇರತ್ತೆ. ಕಂಪ್ಯೂಟರ್ ಅದನ್ನ ಎಂಟು ಬಿಟ್, ಅಂದ್ರೆ ಎಂಟು ಸೊನ್ನೆ-ಒಂದುಗಳಲ್ಲಿ ಬರೆಯತ್ತೆ. ಅದರ ಕೊನೇ ಬಿಟ್ ಬದಲಾಯಿಸಿದ್ರೆ ಅಂಕಿ ಒಂದು ಹೆಚ್ಚು ಕಮ್ಮಿ ಆಗತ್ತೆ ಅಷ್ಟೇ, ಕಣ್ಣಿಗೆ ಗೊತ್ತಾಗಲ್ಲ. ಹಾಗೆ ಬದಲಾಯಿಸಿದ ಎಂಟು ಬಿಟ್ ಸೇರಿದ್ರೆ ಒಂದು ಅಕ್ಷರ."

ಕೊನೆಯ ಬಿಟ್‌ಗಳನ್ನಷ್ಟೇ ಕಪ್ಪು ಬಿಳುಪಾಗಿ ತೆರೆಯ ಮೇಲೆ ಹಾಕಿದೆ. ಬಿಸಿಲು ಬಿದ್ದ ಗೋಡೆಯ ಅಂಕಿಗಳೆಲ್ಲ ಇನ್ನೂರೈವತ್ತೈದು ಇರಬೇಕಿತ್ತು, ಅಂದರೆ ಅಚ್ಚ ಬಿಳಿ. ಕೆಳಗೆ ಹಾಗೇ ಇತ್ತು. ಮೇಲೆ ಮಾತ್ರ ಇನ್ನೂರೈವತ್ನಾಲ್ಕೂ ಇನ್ನೂರೈವತ್ತೈದೂ ಸರಿಸುಮಾರು ಅರ್ಧರ್ಧ, ರವೆ ಚೆಲ್ಲಿದಂತೆ. ಆ ರವೆ ಮುದುಕಿಯ ಹಣೆಯವರೆಗೂ ಇಳಿದಿತ್ತು. ಬಿಟ್‌ಗಳನ್ನು ಸಾಲಾಗಿ ಎತ್ತಿ ಜೋಡಿಸಿದೆ. ಪಾಸ್‌ವರ್ಡಿನ ಬೀಗವನ್ನೂ ಹಾಕಿರಲಿಲ್ಲ ಪುಣ್ಯಾತ್ಮ. ಹೆಸರು, ಫೋನ್ ನಂಬರ್, ಹೆಸರು, ಫೋನ್ ನಂಬರ್. ತೆರೆಯನ್ನು ಸಾಹೇಬರ ಕಡೆ ತಿರುಗಿಸಿದೆ.

ಸಾಹೇಬರು ಕುರ್ಚಿ ಎಳೆದು ಕೂತರು. "ಥೂ! ಬರಿಯಮ್ಮ ವರದಿ."

ವಿಚಾರಣೆಯಲ್ಲಿ ಮೇಲ್ವಿಚಾರಕ ಒಪ್ಪಿಕೊಂಡ. ಲಾಗಿನ್ ಕೊಡುವವನೂ ಪಾಸ್‌ವರ್ಡ್ ಬದಲಿಸುವವನೂ ಅವನೇ, ನರ್ಸಿನದನ್ನು ಬಳಸಿಕೊಂಡಿದ್ದ. ಅಲ್ಲೂ ಕಣ್ಣೊರೆಸಿಕೊಂಡು "ತಾಯಿ ಹಾಸಿಗೆ ಹಿಡಿದಿದ್ದಾಳೆ" ಅಂದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ನರ್ಸ್ ಮೇಜಿನ ಮೇಲಿದ್ದ ಫೋಟೋವನ್ನು ಎತ್ತಿಕೊಂಡು ತುಂಬ ಹೊತ್ತು ನೋಡಿದಳು.

"ಇದು ನಾನೇ ತೆಗ್ದಿದ್ದು ಮೇಡಂ," ಎಂದಳು. "ಅಮ್ಮನ ನೆನಪಿಗೆ ಒಂದು ಇರ್ಲಿ ಸಿಸ್ಟರ್ ಅಂದ್ರು. ಮೊದಲನೇ ಸಲ ಅಜ್ಜಿ ಮಗನ್ನ ನೋಡಿ ನಕ್ಕುಬಿಟ್ರು, ಎಷ್ಟು ಚೆನ್ನಾಗಿತ್ತು. ಇವ್ರು ಇದು ಬೇಡ, ನಗದೇ ಇರೋ ಹಾಗೆ ಇನ್ನೊಂದು ತೆಗೀರಿ ಅಂದ್ರು."