ಗ್ರಾಫಿನಿಂದ ಅಳಿಸಿದ ನಾಲ್ಕು ದಿನ

ಒಳಂಗಳದ ಮನೆ ಅಂದರೆ ನನಗೆ ಮೈ ಉರಿಯುತ್ತದೆ. ನನ್ನ ಕೊನೆಯ ವರ್ಷದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಲ್ಲಿ ಪ್ರತಿಸಲ ಹತ್ತು ಜನ ಅದೇ ಥೀಸಿಸ್ ಹಿಡಿದು ಬರುತ್ತಾರೆ: ದಪ್ಪ ಗೋಡೆ, ನಡುವೆ ಅಂಗಳ, ಆದ್ದರಿಂದ ಮನೆ ತಂಪು! ಈ ವರ್ಷ ಒಬ್ಬ ಹುಡುಗಿಯೂ ಅದನ್ನೇ ತಂದಳು, ತಾನು ಬೆಳೆದ ದೊಡ್ಡಮ್ಮನ ಮನೆಯ ಮೇಲೆ. ಬೇಸಿಗೆಯಲ್ಲಿ ಒಂದು ತಿಂಗಳು ಅಲ್ಲೇ ಇದ್ದು ಉಷ್ಣಾಂಶ ಅಳೆದಿದ್ದಳು. ಹೊರಗೆ ಮೂವತ್ತೆಂಟು ಡಿಗ್ರಿ ಇದ್ದರೂ ಒಳಗೆ ಮೂವತ್ತು ದಾಟಿರಲಿಲ್ಲ. ಆದರೆ ಗ್ರಾಫಿನ ನಡುವೆ ನಾಲ್ಕು ದಿನದ ಜಾಗ ಖಾಲಿ ಇತ್ತು.

"ಇದೇನಮ್ಮ?"

"ಮೀಟರ್ ಕೆಟ್ಟಿತ್ತೇನೋ ಸರ್, ಮೂವತ್ನಾಲ್ಕು ತೋರಿಸ್ತು. ತೆಗೆದ್ಬಿಟ್ಟೆ."

"ಆಗ ಮನೇಲಿ ಏನು ನಡೀತಿತ್ತು?"

"ದೊಡ್ಡಮ್ಮ ಕಣ್ಣಿನ ಆಪರೇಷನ್‌ಗೆ ಆಸ್ಪತ್ರೇಲಿದ್ರು." ಹೇಳುತ್ತಲೇ ಅವಳ ಮುಖ ಬದಲಾಯಿತು. ಬಿಸಿಲೇರುವ ಮುನ್ನ ಕಿಟಕಿಗಳನ್ನೆಲ್ಲ ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆದು, ರಾತ್ರಿಯ ಗಾಳಿಗೆ ಗೋಡೆಗಳ ಕಾವು ಇಳಿಯಲು ಬಿಡುತ್ತಿದ್ದವರು ದೊಡ್ಡಮ್ಮ.

"ಆ ನಾಲ್ಕು ದಿನ ವಾಪಸ್ ಹಾಕು. ನಿನ್ನ ಥೀಸಿಸ್ ಇರೋದೇ ಅಲ್ಲಿ" ಅಂದೆ.

ಥೀಸಿಸ್ ಪ್ರದರ್ಶನದ ದಿನ ದೊಡ್ಡಮ್ಮನೂ ಬಂದರು. ಮನೆಯ ನಕ್ಷೆಯಲ್ಲಿ ಹುಡುಗಿ ಕಿಟಕಿಯ ಪಕ್ಕ ಅವರ ಚಿತ್ರವನ್ನೇ ಬರೆದಿದ್ದಳು. "ನೀನಿಲ್ದಿದ್ರೆ ಮನೆ ನಾಲ್ಕು ಡಿಗ್ರಿ ಬಿಸಿ, ದೊಡ್ಡಮ್ಮ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಗ್ರಾಫ್ ತೋರಿಸಿದಳು.

ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. ಆಮೇಲೆ ಅವಳ ಕೆನ್ನೆ ಸವರಿದರು.

"ಅಲ್ವೇ ಕಂದಾ, ನಾಲ್ಕು ದಿನ ಬೆವರು ಒರೆಸ್ಕೊಂಡು ಸೆಖೆ ಅಳೀತಾ ಕೂತಿದ್ದೆಯಲ್ಲ, ಎದ್ದು ಒಂದು ಕಿಟಕಿ ಹಾಕೋಕೆ ನಿಂಗೇನಾಗಿತ್ತು?"